ಶೀತಲ ಸಮರ ಕಾವೇರದೆ ಉಳಿದದ್ದು ಹೇಗೆ? ಕೊರಿಯಾದ ಮೂರು ವರ್ಷ

ಅಮೆರಿಕ ಮತ್ತು ರಷ್ಯಾ ನಡುವಿನ ‘ನ್ಯೂ ಸ್ಟಾರ್ಟ್’ ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ದೂರಕ್ಕೆ ಹಾರಿಸಲು ಸಜ್ಜಾಗಿ ಇಡಬಹುದಾದ ಅಣು ಸಿಡಿತಲೆಗಳಿಗೆ ಎರಡೂ ದೇಶಗಳಿಗೆ ತಲಾ 1,550ರ ಮಿತಿ ಹಾಕಿದ್ದ ಒಪ್ಪಂದ ಅದು. ಸುದ್ದಿ ಓದಿದವರಲ್ಲಿ ಕೆಲವರಿಗೆ ಮತ್ತೆ ಶೀತಲ ಸಮರ ಶುರುವಾಯಿತು ಅನ್ನುವ ಗಾಬರಿ. ಇನ್ನು ಕೆಲವರಿಗೆ ಒಂದು ತರದ ನಿರಾಳ. ‘ಆಗ ಹತ್ತಾರು ಸಾವಿರ ಬಾಂಬು ಇತ್ತು, ಆದರೂ ಏನೂ ಆಗಲಿಲ್ಲ. ಬಾಂಬಿನ ಭಯವೇ ಎಲ್ಲರನ್ನೂ ಸುಮ್ಮನಿರಿಸಿತು, ಈಗಲೂ ಇರಿಸುತ್ತದೆ’ ಅನ್ನುವುದು ಇವರ ವಾದ.

ಈ ನಿರಾಳದ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಅದರಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಏನು ಅಂತ ನೋಡಲು 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿಗಿಂತ ಹನ್ನೆರಡು ವರ್ಷ ಹಿಂದಕ್ಕೆ, 1950ರ ಕೊರಿಯಾಕ್ಕೆ ಹೋಗುವುದು ಒಳ್ಳೆಯದು. ಎರಡು ಬಣಗಳ ಸೇನೆಗಳು ನಿಜವಾಗಿಯೂ ಎದುರುಬದುರಾದದ್ದು ಅಲ್ಲಿ. ಯುದ್ಧ ದೊಡ್ಡದಾಗದ ಹಾಗೆ ನೋಡಿಕೊಳ್ಳುವ ಅಲಿಖಿತ ನಿಯಮಗಳು ಹುಟ್ಟಿದ್ದೂ ಅಲ್ಲೇ.

ಬಾಂಬಿನ ಲೆಕ್ಕ ಆಗ ಸಮ ಇರಲಿಲ್ಲ

ಅಣ್ವಸ್ತ್ರದ ಭಯ ಕೆಲಸ ಮಾಡುವುದು ಒಂದು ಸರಳ ಲೆಕ್ಕದ ಮೇಲೆ. ನೀನು ಮೊದಲು ಹೊಡೆದರೂ ನನ್ನ ಹತ್ತಿರ ತಿರುಗಿ ಹೊಡೆಯುವಷ್ಟು ಉಳಿದಿರುತ್ತದೆ. ಹಾಗಾಗಿ ಹೊಡೆದು ನಿನಗೆ ಲಾಭವಿಲ್ಲ. ಈ ಲೆಕ್ಕ ಕೂಡಬೇಕಾದರೆ ಎರಡೂ ಕಡೆಯ ಅಸ್ತ್ರಗಳಲ್ಲಿ ಒಂದು ಪಾಲಾದರೂ ಮೊದಲ ಏಟಿಗೆ ಸಿಗದ ಜಾಗದಲ್ಲಿ ಇರಬೇಕು. ಸಮುದ್ರದಾಳದ ಜಲಾಂತರ್ಗಾಮಿ ಅಂಥ ಜಾಗ. ಆ ಸ್ಥಿತಿ ಬಂದದ್ದು 1960ರ ದಶಕದಲ್ಲಿ.

1950ರಲ್ಲಿ ಅಮೆರಿಕದ ಬಳಿ ಸುಮಾರು 300 ಅಣುಬಾಂಬು ಇತ್ತು. ಸೋವಿಯತ್ ಒಕ್ಕೂಟ ಮೊದಲ ಪರೀಕ್ಷೆ ನಡೆಸಿದ್ದೇ 1949ರ ಆಗಸ್ಟ್‌ನಲ್ಲಿ. ಅವರ ಬಳಿ ಇದ್ದದ್ದು ಬೆರಳೆಣಿಕೆಯಷ್ಟು. ಅವನ್ನು ಅಮೆರಿಕದವರೆಗೆ ಒಯ್ದು ವಾಪಸ್ ಬರುವ ವಿಮಾನವೂ ಅವರಲ್ಲಿ ಇರಲಿಲ್ಲ. ಅಂದರೆ ‘ಇಬ್ಬರಿಗೂ ಭಯ’ ಅನ್ನುವ ಸ್ಥಿತಿಯೇ ಇರಲಿಲ್ಲ. ಒಬ್ಬನ ಕೈಯಲ್ಲಿ ಎಲ್ಲ, ಇನ್ನೊಬ್ಬನ ಕೈಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಆದರೂ ಅಮೆರಿಕ ಸೋಲುವ ಹಂತಕ್ಕೆ ಬಂದಾಗ ಕೂಡ ಬಾಂಬು ಹಾಕಲಿಲ್ಲ. ಬಾಂಬಿನ ಭಯವೊಂದೇ ಎಲ್ಲವನ್ನೂ ವಿವರಿಸುತ್ತದೆ ಅನ್ನುವವರು ಉತ್ತರ ಕೊಡಬೇಕಾದದ್ದು ಇದಕ್ಕೆ.

ಮಧ್ಯರಾತ್ರಿಯ ಎಚ್ಚರಿಕೆ

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ಎರಡು ಕೊರಿಯಾಗಳ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಆ ತಿಂಗಳು ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಕಮ್ಯುನಿಸ್ಟ್ ಚೀನಾಕ್ಕೆ ಮಂಡಳಿಯಲ್ಲಿ ಸೀಟು ಕೊಡಲಿಲ್ಲ ಅಂತ ಸೋವಿಯತ್ ಪ್ರತಿನಿಧಿ ಆಗ ಸಭೆಗೇ ಬರುತ್ತಿರಲಿಲ್ಲ. ಹಾಗಾಗಿ ವೀಟೋ ಬೀಳಲಿಲ್ಲ, ಅಮೆರಿಕದ ಸೇನೆ ವಿಶ್ವಸಂಸ್ಥೆಯ ಬಾವುಟದಡಿ ಯುದ್ಧಕ್ಕಿಳಿಯಿತು. ಉತ್ತರ ಕೊರಿಯಾ ಮಾಡಿದ್ದು ಆಕ್ರಮಣ ಅನ್ನುವುದನ್ನು ಭಾರತ ಒಪ್ಪಿತು. ಆದರೆ ಹೋರಾಡಲು ಸೈನಿಕರನ್ನು ಕಳಿಸಲಿಲ್ಲ. ಕಳಿಸಿದ್ದು ಗಾಯಾಳುಗಳನ್ನು ನೋಡಿಕೊಳ್ಳುವ ಒಂದು ಸೇನಾ ವೈದ್ಯಕೀಯ ತಂಡವನ್ನು.

ಸೆಪ್ಟೆಂಬರ್‌ನಲ್ಲಿ ಇಂಚಾನ್ ಬಂದರಿನಲ್ಲಿ ಇಳಿದ ಜನರಲ್ ಮೆಕಾರ್ಥರ್ ಸೇನೆ ಉತ್ತರದವರನ್ನು ಹಿಂದಕ್ಕೆ ಅಟ್ಟಿತು. ಆಗ ಹುಟ್ಟಿದ ಪ್ರಶ್ನೆ: ಹಳೆಯ ಗಡಿಯಲ್ಲಿ ನಿಲ್ಲಬೇಕೋ, ಚೀನಾ ಗಡಿಯವರೆಗೂ ಹೋಗಬೇಕೋ?

ಅಕ್ಟೋಬರ್ 3ರ ನಡುರಾತ್ರಿ ಬೀಜಿಂಗ್‌ನಲ್ಲಿ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರಿಗೆ ಕರೆ ಬಂತು. ಪ್ರಧಾನಿ ಚೌ ಎನ್‌ಲಾಯ್ ನೇರವಾಗಿ ಹೇಳಿದರು: ಅಮೆರಿಕದ ಸೈನಿಕರು 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ. ಚೀನಾಕ್ಕೂ ಅಮೆರಿಕಕ್ಕೂ ಆಗ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಮಾತು ತಲುಪಿಸಲು ಇದ್ದ ದಾರಿ ಭಾರತ. ಪಣಿಕ್ಕರ್ ದೆಹಲಿಗೆ ತಂತಿ ಕಳಿಸಿದರು, ಅಲ್ಲಿಂದ ಮಾತು ಲಂಡನ್, ವಾಷಿಂಗ್ಟನ್ ತಲುಪಿತು.

ವಾಷಿಂಗ್ಟನ್ ನಂಬಲಿಲ್ಲ. ಪಣಿಕ್ಕರ್ ಚೀನಾದ ಕಡೆ ವಾಲಿದವರು, ಇದು ಸುಮ್ನೆ ಹೆದರಿಸುವ ಮಾತು ಅಂತ ತಳ್ಳಿಹಾಕಿದರು. ಎರಡೇ ವಾರದಲ್ಲಿ, ಅಕ್ಟೋಬರ್ 19ರಿಂದ, ಚೀನಾದ ಸೇನೆ ಕೊರಿಯಾ ಗಡಿಯ ಯಾಲು ನದಿ ದಾಟತೊಡಗಿತು. ಮುಂದಿನ ಚಳಿಗಾಲ ಅಮೆರಿಕದ ಸೇನೆಗೆ ಅದರ ಇತಿಹಾಸದ ಅತಿ ಕೆಟ್ಟ ಹಿಮ್ಮೆಟ್ಟುವಿಕೆಗಳಲ್ಲಿ ಒಂದಾಯಿತು.

ಅಲಿಪ್ತ ದೇಶಗಳ ಮಿತಿ ಇಲ್ಲಿ ಕಾಣುತ್ತದೆ. ಯಾರ ಬಣದಲ್ಲೂ ಇಲ್ಲದವನಿಗೆ ಇಬ್ಬರ ಮನೆಯ ಬಾಗಿಲೂ ತೆರೆದಿರುತ್ತದೆ. ಅದೇ ಕಾರಣಕ್ಕೆ ಇಬ್ಬರಿಗೂ ಅವನ ಮೇಲೆ ಅನುಮಾನ ಇರುತ್ತದೆ. ಸಂದೇಶ ಸರಿಯಾಗೇ ತಲುಪಿತ್ತು, ಅದನ್ನು ತಂದವನನ್ನು ನಂಬಲಿಲ್ಲ ಅಷ್ಟೆ.

ಬಾಂಬು ಯಾಕೆ ಬೀಳಲಿಲ್ಲ?

ನವೆಂಬರ್ 30ರಂದು ಪತ್ರಕರ್ತರು ಅಧ್ಯಕ್ಷ ಟ್ರೂಮನ್ ಅವರನ್ನು ಅಣುಬಾಂಬಿನ ಬಗ್ಗೆ ಕೇಳಿದರು. ಅದರ ಬಳಕೆ ಯಾವಾಗಲೂ ಪರಿಶೀಲನೆಯಲ್ಲಿ ಇದ್ದೇ ಇದೆ ಅಂದುಬಿಟ್ಟರು ಟ್ರೂಮನ್. ಯಾವ ಅಸ್ತ್ರ ಬಳಸಬೇಕು ಅನ್ನುವುದು ರಣಭೂಮಿಯ ದಂಡನಾಯಕರಿಗೆ ಬಿಟ್ಟದ್ದು ಅನ್ನುವ ಅರ್ಥ ಬರುವ ಮಾತೂ ಬಂತು. ಅದೇ ದಿನ ಶ್ವೇತಭವನ ಸ್ಪಷ್ಟನೆ ಕೊಡಬೇಕಾಯಿತು: ಅಪ್ಪಣೆ ಕೊಡುವ ಅಧಿಕಾರ ಅಧ್ಯಕ್ಷರಿಗೆ ಮಾತ್ರ. ಅಷ್ಟರಲ್ಲಿ ಲಂಡನ್‌ನಲ್ಲಿ ಗದ್ದಲ ಎದ್ದಿತ್ತು. ಬ್ರಿಟನ್ ಪ್ರಧಾನಿ ಆ್ಯಟ್ಲಿ ವಿಮಾನ ಹತ್ತಿ ವಾಷಿಂಗ್ಟನ್‌ಗೆ ಓಡಿದರು.

ಒಳಗೆ ನಡೆದ ಲೆಕ್ಕಾಚಾರದಲ್ಲಿ ನೀತಿಗಿಂತ ವ್ಯವಹಾರವೇ ಜಾಸ್ತಿ ಇತ್ತು. ಗುಡ್ಡಗಾಡಿನಲ್ಲಿ ಚದುರಿಕೊಂಡು ನಡೆಯುವ ಸೇನೆಯ ಮೇಲೆ ಬಾಂಬು ಹಾಕಿದರೆ ಪರಿಣಾಮ ಕಡಿಮೆ. ಹಾಕಿದ ಮೇಲೂ ಚೀನೀಯರು ನಿಲ್ಲದಿದ್ದರೆ ಬಾಂಬಿನ ಮೇಲಿದ್ದ ಭಯವೇ ಹೊರಟುಹೋಗುತ್ತದೆ. ಇದ್ದ ಬಾಂಬುಗಳನ್ನು ಯುರೋಪಿಗೆ ಅಂತ ಕಾದಿಡಬೇಕು. ಮಿತ್ರ ದೇಶಗಳು ಕೈಬಿಡಬಹುದು. ಬಾಂಬು ಹಾಕುವುದು ಏಷ್ಯಾದವರ ಮೇಲೆ ಮಾತ್ರ ಅನ್ನುವ ಮಾತು ಏಷ್ಯಾದಲ್ಲೆಲ್ಲ ಹಬ್ಬುತ್ತದೆ. ಹಿರೋಶಿಮಾ ಆಗಿ ಆಗ ಐದೇ ವರ್ಷ, ಆದ್ದರಿಂದ ಕೊನೆಯ ಕಾರಣ ಹಗುರವೇನಲ್ಲ.

ಆಸೆ ಪೂರ್ತಿ ಬಿಟ್ಟಿದ್ದರು ಅಂತಲ್ಲ. 1951ರ ಏಪ್ರಿಲ್‌ನಲ್ಲಿ 9 ಅಣುಬಾಂಬುಗಳನ್ನು ವಾಯುಪಡೆಯ ವಶಕ್ಕೆ ಕೊಡಲು ಟ್ರೂಮನ್ ಒಪ್ಪಿದರು. ಅದೇ ವಾರ, ಯುದ್ಧವನ್ನು ಚೀನಾದೊಳಕ್ಕೆ ಒಯ್ಯಬೇಕು ಅಂತ ಬಹಿರಂಗವಾಗಿ ಹೇಳುತ್ತಿದ್ದ ಮೆಕಾರ್ಥರ್‌ರನ್ನು ಮನೆಗೆ ಕಳಿಸಿದರು. ಎರಡನ್ನೂ ಸೇರಿಸಿ ಓದಬೇಕು. ಬಾಂಬನ್ನು ಹತ್ತಿರಕ್ಕೆ ತರುವುದಾದರೆ, ಹೇಳಿದ ಮಾತು ಕೇಳದ ದಂಡನಾಯಕ ಅದರ ಹತ್ತಿರ ಇರಬಾರದು.

ಯಾಲು ನದಿಯ ಮೇಲಿನ ಗುಟ್ಟು

ಈಗ ಇಡೀ ಕಥೆಯ ವಿಚಿತ್ರ ಭಾಗ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಶೀತಲ ಸಮರದುದ್ದಕ್ಕೂ ನೇರವಾಗಿ ಹೋರಾಡಲೇ ಇಲ್ಲ ಅಂತ ಶಾಲೆಯಲ್ಲಿ ಓದುತ್ತೇವೆ. ಹೋರಾಡಿದ್ದರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ, ಆಕಾಶದಲ್ಲಿ.

1950ರ ನವೆಂಬರ್‌ನಿಂದ ಸೋವಿಯತ್ ವಾಯುಪಡೆಯ ಪೈಲಟ್‌ಗಳು ಮಿಗ್-15 ವಿಮಾನ ಹಾರಿಸುತ್ತ ಅಮೆರಿಕದ ವಿಮಾನಗಳ ಜೊತೆ ಕಾದಾಡಿದರು. ಅವರ ನೆಲೆ ಇದ್ದದ್ದು ಯಾಲು ನದಿಯ ಆಚೆ, ಚೀನಾದ ನೆಲದಲ್ಲಿ. ವಿಮಾನದ ಮೇಲೆ ಚೀನಾ ಅಥವಾ ಉತ್ತರ ಕೊರಿಯಾದ ಗುರುತು, ಮೈಮೇಲೆ ಚೀನಾದ ಸಮವಸ್ತ್ರ. ರೇಡಿಯೊದಲ್ಲಿ ರಷ್ಯನ್ ಮಾತಾಡಬಾರದು, ಕೊರಿಯನ್ ಭಾಷೆಯಲ್ಲೇ ಆದೇಶ ಕೊಡಬೇಕು ಅಂತ ಅಪ್ಪಣೆ. ಅದಕ್ಕೆ ಬೇಕಾದ ಪದಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಗಂಟೆಗೆ ಸಾವಿರ ಕಿಲೋಮೀಟರ್ ವೇಗದಲ್ಲಿ ಹಿಂದಿನಿಂದ ಗುಂಡು ಬರುತ್ತಿರುವಾಗ ಯಾರು ಚೀಟಿ ನೋಡುತ್ತಾರೆ? ಪೈಲಟ್‌ಗಳು ರಷ್ಯನ್‌ನಲ್ಲೇ ಕೂಗಿದರು, ಬೈದರು. ಆ ಕಡೆ ಅಮೆರಿಕನ್ನರು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಹಾಗಾದರೆ ಅಮೆರಿಕಕ್ಕೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಬಿಡಲಿಲ್ಲ. ‘ರಷ್ಯನ್ನರು ನಮ್ಮ ಹುಡುಗರನ್ನು ಕೊಲ್ಲುತ್ತಿದ್ದಾರೆ’ ಅಂತ ಸರ್ಕಾರವೇ ಹೇಳಿದ್ದರೆ ಅಮೆರಿಕದ ಜನ, ಸಂಸತ್ತು ಸುಮ್ಮನಿರುತ್ತಿರಲಿಲ್ಲ. ಸೇಡು ತೀರಿಸಿಕೊಳ್ಳಲೇಬೇಕು ಅನ್ನುವ ಒತ್ತಡ ಬರುತ್ತಿತ್ತು. ಸೇಡು ತೀರಿಸಿಕೊಂಡರೆ ಸ್ಟಾಲಿನ್ ಕೂಡ ಅದನ್ನು ನುಂಗಿಕೊಂಡು ಕೂರುವ ಹಾಗಿರಲಿಲ್ಲ. ಹಾಗಾಗಿ ಒಬ್ಬರು ಸುಳ್ಳು ಹೇಳಿದರು, ಇನ್ನೊಬ್ಬರು ಆ ಸುಳ್ಳನ್ನು ಕಾಪಾಡಿದರು. ಮಾತುಕತೆ ನಡೆಯದೆ, ಸಹಿ ಬೀಳದೆ ಆದ ಒಪ್ಪಂದ ಇದು. ನನ್ನ ಪ್ರಕಾರ ಯುದ್ಧ ಹರಡದಂತೆ ತಡೆದ ಸಂಗತಿಗಳಲ್ಲಿ ಅತಿ ಮುಖ್ಯವಾದದ್ದು ಇದೇ. ಬಾಂಬಿಗೆ ಇದರಲ್ಲಿ ಪಾಲಿದೆ, ಆದರೆ ಕೆಲಸ ಮಾಡಿದ್ದು ಕಂಡರೂ ಕಾಣದ ಹಾಗೆ ಇರುವ ಈ ಜಾಣತನ.

ಜಾಗದ ಮಿತಿಯೂ ಹೀಗೇ ಬೆಳೆಯಿತು. ಸೋವಿಯತ್ ಪೈಲಟ್‌ಗಳು ಸಮುದ್ರದ ಮೇಲೆ ಹಾರುವಂತಿಲ್ಲ, ದಕ್ಷಿಣಕ್ಕೆ ಬಹಳ ದೂರ ಬರುವಂತಿಲ್ಲ. ವಿಮಾನ ಬಿದ್ದು ಸಿಕ್ಕಿಹಾಕಿಕೊಂಡರೆ ಗುಟ್ಟು ರಟ್ಟಾಗುತ್ತದೆ. ಅಮೆರಿಕದ ಪೈಲಟ್‌ಗಳು ಯಾಲು ದಾಟುವಂತಿಲ್ಲ. ನದಿಯ ಸೇತುವೆಗಳನ್ನು ಒಡೆಯುವಾಗಲೂ ಕೊರಿಯಾ ಕಡೆಯ ಅರ್ಧಕ್ಕೆ ಮಾತ್ರ ಬಾಂಬು ಹಾಕಬೇಕು ಅಂತ ಅವರಿಗೆ ಆದೇಶ ಇತ್ತು. ಚೀನಾದ ನೆಲೆಗಳು ಸುರಕ್ಷಿತ, ಅದಕ್ಕೆ ಬದಲಾಗಿ ಜಪಾನ್‌ನಲ್ಲಿದ್ದ ಅಮೆರಿಕದ ನೆಲೆಗಳೂ ಸುರಕ್ಷಿತ. ಪೈಲಟ್‌ಗಳಿಗೆ ಇದು ಹುಚ್ಚುತನ ಅನ್ನಿಸಿತ್ತು, ಕದ್ದು ದಾಟಿದವರೂ ಇದ್ದರು.

ತಪ್ಪು ನಡೆದಾಗ ಏನಾಯಿತು ಅನ್ನುವುದೂ ಗಮನಿಸಬೇಕಾದದ್ದು. 1950ರ ಅಕ್ಟೋಬರ್ 8ರಂದು ಅಮೆರಿಕದ ಎರಡು ಯುದ್ಧವಿಮಾನ ದಾರಿ ತಪ್ಪಿ, ವ್ಲಾಡಿವಾಸ್ಟಾಕ್ ಹತ್ತಿರದ ಸೋವಿಯತ್ ವಾಯುನೆಲೆಯ ಮೇಲೆ ಗುಂಡು ಸುರಿಸಿದವು. ಸೋವಿಯತ್ ನೆಲದ ಮೇಲೆ ನೇರ ದಾಳಿ ಅದು. ಅಮೆರಿಕ ತಪ್ಪೊಪ್ಪಿಕೊಂಡು ನಷ್ಟ ಕಟ್ಟಿಕೊಡುತ್ತೇವೆ ಅಂದಿತು. ಮಾಸ್ಕೋ ಪ್ರತಿಭಟಿಸಿತು, ಅದಕ್ಕಿಂತ ಮುಂದಕ್ಕೆ ಹೋಗಲಿಲ್ಲ.

ಕೈದಿಗಳ ಗಂಟು ಮತ್ತು ಕೊಡಗಿನ ಜನರಲ್

1951ರ ಜುಲೈನಲ್ಲಿ ಸಂಧಾನದ ಮಾತುಕತೆ ಶುರುವಾಯಿತು. ಎಲ್ಲಿ ಗೆರೆ ಎಳೆಯಬೇಕು ಅನ್ನುವುದು ನವೆಂಬರ್ ಹೊತ್ತಿಗೇ ಹೆಚ್ಚುಕಡಿಮೆ ತೀರ್ಮಾನವಾಯಿತು. ಆದರೂ ಯುದ್ಧ 1953ರ ಜುಲೈವರೆಗೆ ಎಳೆಯಿತು. ಅಡ್ಡ ನಿಂತದ್ದು ಯುದ್ಧಕೈದಿಗಳ ವಿಷಯ.

ಯುದ್ಧ ಮುಗಿದ ಮೇಲೆ ಕೈದಿಗಳನ್ನೆಲ್ಲ ತಡಮಾಡದೆ ಬಿಡಬೇಕು, ವಾಪಸ್ ಕಳಿಸಬೇಕು ಅನ್ನುತ್ತದೆ 1949ರ ಜಿನೀವಾ ಒಪ್ಪಂದ. ಆದರೆ ಅಮೆರಿಕದ ವಶದಲ್ಲಿದ್ದ ಸಾವಿರಾರು ಚೀನೀ ಮತ್ತು ಕೊರಿಯನ್ ಕೈದಿಗಳು ಹಿಂದಿರುಗಲ್ಲ ಅಂದರು. ಕೆಲವರು ಮನಸಾರೆ, ಕೆಲವರು ಶಿಬಿರದೊಳಗಿನ ಕಮ್ಯುನಿಸ್ಟ್ ವಿರೋಧಿ ಗುಂಪುಗಳ ಹೊಡೆತಕ್ಕೆ ಹೆದರಿ. ಬಲವಂತವಾಗಿ ಕಳಿಸಲ್ಲ ಅಂತ ಅಮೆರಿಕ. ಒಬ್ಬನೂ ಉಳಿಯದೆ ಎಲ್ಲರೂ ವಾಪಸ್ ಬರಬೇಕು ಅಂತ ಚೀನಾ. ಇಬ್ಬರಿಗೂ ಇದು ಮರ್ಯಾದೆಯ ಪ್ರಶ್ನೆ. ತನ್ನ ಸೈನಿಕರೇ ತನ್ನ ದೇಶಕ್ಕೆ ಬರಲು ಒಪ್ಪಲ್ಲ ಅನ್ನುವುದನ್ನು ಯಾವ ಸರ್ಕಾರ ಒಪ್ಪಿಕೊಳ್ಳುತ್ತದೆ?

1952ರ ನವೆಂಬರ್‌ನಲ್ಲಿ ಭಾರತದ ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಒಂದು ಸೂತ್ರ ಇಟ್ಟರು. ಬಲಪ್ರಯೋಗ ಇಲ್ಲ, ಹಾಗಂತ ಕೈದಿಗಳನ್ನು ಹಿಡಿದವರ ಕೈಯಲ್ಲೂ ಬಿಡುವುದಿಲ್ಲ. ತಟಸ್ಥ ದೇಶಗಳ ಆಯೋಗಕ್ಕೆ ಒಪ್ಪಿಸಬೇಕು. ಅಮೆರಿಕಕ್ಕೆ ಮೊದಲು ಇದು ಹಿಡಿಸಲಿಲ್ಲ. ಸೋವಿಯತ್ ಪ್ರತಿನಿಧಿ ವಿಶಿನ್‌ಸ್ಕಿ ಸಭೆಯಲ್ಲೇ ಹೀಯಾಳಿಸಿದರು. ಠರಾವು ಪಾಸಾದರೂ ಚೀನಾ ಒಪ್ಪಲಿಲ್ಲ. ಮೂರು ತಿಂಗಳ ನಂತರ, 1953ರ ಮಾರ್ಚ್ 5ರಂದು, ಸ್ಟಾಲಿನ್ ತೀರಿಕೊಂಡರು. ಮಾಸ್ಕೋದ ಹೊಸ ನಾಯಕರಿಗೆ ಯುದ್ಧ ಸಾಕಾಗಿತ್ತು, ಚೀನಾಕ್ಕೆ ಖರ್ಚು ಭಾರವಾಗಿತ್ತು. ಆಗ ಕೈಗೆ ಸಿದ್ಧವಾಗಿ ಸಿಕ್ಕದ್ದು ಮೆನನ್ ಸೂತ್ರಕ್ಕೆ ಬಹಳ ಹತ್ತಿರವಾದ ದಾರಿ. ಮಧ್ಯಸ್ಥಿಕೆಯ ಕೆಲಸ ಆಗುವುದೇ ಹೀಗೆ. ಬೇಡ ಅಂದಾಗಲೂ ಕಾಗದ ಮೇಜಿನ ಮೇಲೆ ಇರಬೇಕು, ಬೇಕು ಅನ್ನಿಸಿದ ದಿನ ಹುಡುಕಾಡಬಾರದು.

ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಇದ್ದವು. ಮೊದಲೆರಡು ಪಶ್ಚಿಮದ ಕಡೆ ವಾಲುತ್ತಿದ್ದವು, ಉಳಿದೆರಡು ಪೂರ್ವದ ಬಣದವೇ. ಅಧ್ಯಕ್ಷತೆ ಭಾರತದ್ದು. ಆ ಕುರ್ಚಿಯಲ್ಲಿ ಕೂತವರು ಮಡಿಕೇರಿಯ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ನೇತೃತ್ವದಲ್ಲಿ ಐದಾರು ಸಾವಿರ ಭಾರತೀಯ ಸೈನಿಕರು ಹೋದರು.

ಆದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತ ಕಂಡರೆ ಆಗದು. ಭಾರತೀಯ ಸೈನಿಕರು ತನ್ನ ನೆಲದಲ್ಲಿ ಕಾಲಿಡಕೂಡದು ಅಂದರು. ಇಂಚಾನ್ ಬಳಿ ಹಡಗಿನಿಂದ ನೇರವಾಗಿ ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ಅವರನ್ನು ಗಡಿಯ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು.

ಅಲ್ಲಿ ಅವರ ವಶಕ್ಕೆ ಬಂದದ್ದು ವಾಪಸ್ ಹೋಗಲ್ಲ ಅಂದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯನ್ ಕೈದಿಗಳು. ಇನ್ನೊಂದು ಕಡೆಯಿಂದ 359 ಮಂದಿ, ಅವರಲ್ಲಿ 23 ಅಮೆರಿಕನ್ನರು. ನಿಯಮದ ಪ್ರಕಾರ ಪ್ರತಿಯೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿ ಬಂದು ವಾಪಸ್ ಬಾ ಅಂತ ತಿಳಿಹೇಳಬಹುದು. ಕೈದಿಗಳು ಬರಲು ಒಪ್ಪಲಿಲ್ಲ, ಕಲ್ಲೆಸೆದರು. ಒಮ್ಮೆ ಒಬ್ಬ ಭಾರತೀಯ ಮೇಜರ್‌ನನ್ನು ಆವರಣದೊಳಕ್ಕೆ ಎಳೆದುಕೊಂಡರು. ಥೋರಟ್ ಒಳಗೆ ಹೋಗಿ ಮಾತಾಡಿ ಬಿಡಿಸಿಕೊಂಡು ಬಂದರು. ಬಲವಂತವಾಗಿಯಾದರೂ ಎಳೆದು ತನ್ನಿ ಅಂತ ಕಮ್ಯುನಿಸ್ಟ್ ಕಡೆಯವರ ಒತ್ತಾಯ. ಎಲ್ಲರನ್ನೂ ಬಿಟ್ಟುಬಿಡಿ ಅಂತ ದಕ್ಷಿಣದವರ ಬೆದರಿಕೆ. ತಿಮ್ಮಯ್ಯ ಎರಡಕ್ಕೂ ಒಪ್ಪಲಿಲ್ಲ.

ಕೊನೆಗೆ ಮನಸ್ಸು ಬದಲಿಸಿ ಊರಿಗೆ ಹೊರಟವರು ಕೆಲವು ನೂರು ಮಂದಿ ಮಾತ್ರ. ಉಳಿದವರ ಬಗ್ಗೆ ಆಯೋಗ ಒಮ್ಮತಕ್ಕೆ ಬರಲಿಲ್ಲ. 1954ರ ಜನವರಿಯಲ್ಲಿ ತಿಮ್ಮಯ್ಯ ಆ ಕೈದಿಗಳನ್ನು ಹಿಂದೆ ಹಿಡಿದಿಟ್ಟಿದ್ದವರಿಗೇ ಒಪ್ಪಿಸಿಬಿಟ್ಟರು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಚೀನೀಯರು ತೈವಾನ್‌ಗೆ ಹೋದರು. ಯಾವ ಕಡೆಯೂ ಬೇಡ ಅಂದ ಎಂಬತ್ತಕ್ಕೂ ಹೆಚ್ಚು ಮಂದಿ ಭಾರತದ ಹಡಗು ಹತ್ತಿದರು. ಇದು ಅಚ್ಚುಕಟ್ಟಾದ ಮುಕ್ತಾಯವೇನಲ್ಲ, ಇಬ್ಬರೂ ಭಾರತವನ್ನು ಬೈದರು. ಆದರೆ ಯುದ್ಧ ಮತ್ತೆ ಶುರುವಾಗಲು ಒಂದು ನೆಪ ಕಡಿಮೆಯಾಯಿತು.

ಕ್ಯೂಬಾದಲ್ಲಿ ಅದೇ ಪಾಠ, ಜೊತೆಗೆ ಅದೃಷ್ಟ

ಮುಂದೆ 1962ರಲ್ಲಿ ಕ್ಯೂಬಾ ಬಿಕ್ಕಟ್ಟು ಬಂದಾಗ ಬಾಂಬಿನ ಭಯ ಎರಡೂ ಕಡೆ ನಿಜವಾಗಿತ್ತು. ಆದರೆ ದಾರಿ ತೆರೆದದ್ದು ಮತ್ತೆ ಗುಟ್ಟಿನಿಂದಲೇ. ಸೋವಿಯತ್ ನಾಯಕ ಕ್ರುಶ್ಚೇವ್ ಕ್ಯೂಬಾದಲ್ಲಿಟ್ಟಿದ್ದ ಕ್ಷಿಪಣಿ ತೆಗೆಯುತ್ತೇನೆ ಅಂದದ್ದು ಬಹಿರಂಗ, ಟರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ತೆಗೆಯುತ್ತೇವೆ ಅಂತ ಕೆನಡಿ ಕಡೆಯವರು ಕೊಟ್ಟ ಮಾತು ಒಳಗೊಳಗೆ.

ಇಲ್ಲಿ ಇನ್ನೊಂದು ವಾದಕ್ಕೂ ಜಾಗ ಕೊಡಬೇಕು. ಇದೆಲ್ಲ ಜಾಣತನವಲ್ಲ, ಬರೀ ಅದೃಷ್ಟ ಅನ್ನುವವರಿದ್ದಾರೆ. ಅಕ್ಟೋಬರ್ 27ರಂದು ಅಮೆರಿಕದ ನೌಕೆಗಳು ಸುತ್ತುವರಿದಿದ್ದ ಸೋವಿಯತ್ ಜಲಾಂತರ್ಗಾಮಿಯೊಂದರಲ್ಲಿ ಅಣು ಟಾರ್ಪೆಡೊ ಇತ್ತು. ಅದನ್ನು ಬಳಸದಂತೆ ಕ್ಯಾಪ್ಟನ್‌ನನ್ನು ತಡೆದವರು ವಾಸಿಲಿ ಅರ್ಖಿಪೊವ್ ಎಂಬ ಅಧಿಕಾರಿ ಅಂತ ಹೇಳುತ್ತಾರೆ. ಮೇಲಿನವರಿಬ್ಬರಿಗೂ ಯುದ್ಧ ಬೇಡವಾಗಿತ್ತು, ಆದರೆ ನಿರ್ಧಾರ ಅವರ ಕೈಯಲ್ಲೇ ಇರಲಿಲ್ಲ. ಬಾಂಬಿನ ಭಯ ನಾಯಕರನ್ನು ತಡೆಯಬಹುದು. ರೇಡಿಯೊ ಸಂಪರ್ಕ ಕಳೆದುಕೊಂಡು, ಬಿಸಿಗೆ ಬೆಂದು ಹೋಗಿದ್ದ ನಾವಿಕರನ್ನು ಅದು ತಡೆಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಯಾರ ಪಾಲಿಗೆ ಶೀತಲ?

ಕೊರಿಯಾದಲ್ಲಿ ಸತ್ತವರು 20 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಕೊರಿಯನ್ನರು. ಯಾಲು ನದಿ ದಾಟಬಾರದು ಅನ್ನುವ ನಿಯಮ ಚೀನಾದ ಊರುಗಳನ್ನು ಉಳಿಸಿತು, ನದಿಯ ಈಚೆಗಿನ ಊರುಗಳು ನೆಲಸಮವಾದವು. ಎರಡರ ನಡುವೆ ಸಂಬಂಧ ಇದೆ. ದೊಡ್ಡವರಿಗೆ ಪರಸ್ಪರ ಮುಟ್ಟುವ ಹಾಗಿಲ್ಲ ಅಂದಾಗ ಅವರ ಪೈಪೋಟಿ ಮೂರನೆಯವರ ಅಂಗಳಕ್ಕೆ ಬರುತ್ತದೆ. ವಿಯೆಟ್ನಾಂ, ಅಂಗೋಲಾ, ಅಫ್ಘಾನಿಸ್ತಾನದಲ್ಲಿ ಆದದ್ದೂ ಇದೇ. ಅಫ್ಘಾನಿಸ್ತಾನದಲ್ಲಿ ಅಮೆರಿಕದ ಆಯುಧಗಳು ಪಾಕಿಸ್ತಾನದ ಕೈ ಹಾಯ್ದು ಹೋಗುತ್ತಿದ್ದದ್ದು ಹಳೆಯ ಸೋಗಿನ ಹೊಸ ರೂಪ.

ಅಲಿಪ್ತ ದೇಶಗಳೂ ಇದರಿಂದ ಪೂರ್ತಿ ಹೊರಗೆ ನಿಲ್ಲಲಿಲ್ಲ. 1962ರಲ್ಲಿ ಚೀನಾ ದಾಳಿ ಮಾಡಿದಾಗ ನೆಹರೂ ಅಮೆರಿಕದ ವಾಯುಪಡೆಯ ನೆರವು ಕೇಳಿದರು. ಬಲ ಇಲ್ಲದೆ ಮಧ್ಯದಲ್ಲಿ ನಿಲ್ಲುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು.

ಈಗ ಬದಲಾಗಿರುವುದು ಏನು?

ಕೆಲವು ಹಳೆಯ ನಿಯಮಗಳು ಇನ್ನೂ ಜೀವಂತ. 1999ರ ಕಾರ್ಗಿಲ್ ಯುದ್ಧದಲ್ಲಿ ನಿಯಂತ್ರಣ ರೇಖೆ ದಾಟಬೇಡಿ ಅಂತ ನಮ್ಮ ವಾಯುಪಡೆಗೆ ಕೊಟ್ಟ ಆದೇಶ ಯಾಲು ನದಿಯ ಆದೇಶದ ತದ್ರೂಪ. ಉಕ್ರೇನ್‌ಗೆ ಪಶ್ಚಿಮದ ದೇಶಗಳು ಆಯುಧ ಕೊಡುತ್ತವೆ, ತಮ್ಮ ಸೇನೆಯನ್ನು ಯುದ್ಧಕ್ಕೆ ಇಳಿಸಿಲ್ಲ. ರಷ್ಯಾ ಪರವಾಗಿ ಉತ್ತರ ಕೊರಿಯಾದ ಸೈನಿಕರು ಹೋರಾಡಿದರು. ಮೊದಲು ತಿಂಗಳುಗಟ್ಟಲೆ ಬಾಯಿಬಿಡಲಿಲ್ಲ, 2025ರ ಏಪ್ರಿಲ್‌ನಲ್ಲಿ ಎರಡೂ ದೇಶ ಒಪ್ಪಿಕೊಂಡವು. ಮಧ್ಯದವರ ಕೆಲಸ ಈಗ ಟರ್ಕಿ, ಯುಎಇ ಥರದ ದೇಶಗಳ ಪಾಲಿಗೆ ಬಂದಿದೆ. ಕೈದಿಗಳ ವಿನಿಮಯ ಅವರ ಮೂಲಕ ನಡೆಯುತ್ತಿದೆ.

ಕಷ್ಟವಾಗಿರುವುದು ಕಾಣದ ಹಾಗೆ ಇರುವುದು. ಮಿಗ್ ಪೈಲಟ್‌ಗಳ ಗುಟ್ಟು ನಲವತ್ತು ವರ್ಷ ಉಳಿಯಿತು. ಈಗ ಖಾಸಗಿ ಉಪಗ್ರಹದ ಚಿತ್ರ, ಸೈನಿಕನ ಮೊಬೈಲ್‌ನ ವಿಡಿಯೊ ಸಂಜೆಯೊಳಗೆ ಎಲ್ಲರ ಕೈಗೆ ಸಿಗುತ್ತವೆ. ನೋಡಿಯೂ ಸುಮ್ಮನಿರುವ ಅವಕಾಶ ನಾಯಕರಿಗೆ ಕಡಿಮೆಯಾಗಿದೆ.

ನ್ಯೂ ಸ್ಟಾರ್ಟ್ ಹೋದದ್ದರಿಂದ ಆಗುವ ನಷ್ಟವನ್ನು ಇದರ ಜೊತೆ ಇಟ್ಟು ನೋಡಬೇಕು. 1,550ರ ಮಿತಿ ಹೋಯಿತು ಅನ್ನುವುದು ಸುದ್ದಿಯಾಯಿತು. ಆದರೆ ಒಂದು ದೇಶದ ತಜ್ಞರು ಇನ್ನೊಂದು ದೇಶದ ನೆಲೆಗೆ ಹೋಗಿ ಸಿಡಿತಲೆ ಎಣಿಸುವ ವ್ಯವಸ್ಥೆ ನಿಂತದ್ದು 2020ರಲ್ಲೇ, ಕೋವಿಡ್ ಕಾರಣದಿಂದ. ಅದು ಮತ್ತೆ ಶುರುವಾಗಲೇ ಇಲ್ಲ. 2023ರಲ್ಲಿ ರಷ್ಯಾ ಒಪ್ಪಂದವನ್ನೇ ಅಮಾನತಿನಲ್ಲಿಟ್ಟಿತು. ಎದುರಾಳಿಯ ಬಳಿ ಎಷ್ಟಿದೆ ಅಂತ ಗೊತ್ತಿಲ್ಲದಾಗ ಸೇನೆಗಳು ಜಾಸ್ತಿಯೇ ಅಂದುಕೊಂಡು ಯೋಜನೆ ಹಾಕುತ್ತವೆ. ಆ ಅಂದಾಜಿನ ಮೇಲೆ ಇವರು ಹೊಸದು ಕಟ್ಟುತ್ತಾರೆ, ಅದನ್ನು ನೋಡಿ ಅವರು ಕಟ್ಟುತ್ತಾರೆ. ಈಗ ಚೀನಾವೂ ವೇಗವಾಗಿ ಕಟ್ಟುತ್ತಿರುವುದರಿಂದ ಲೆಕ್ಕ ಮೂವರದ್ದಾಗಿದೆ, ಮೂವರೂ ಕೂತು ಸಹಿ ಹಾಕಿದ ಯಾವ ಮಿತಿಯೂ ಇಲ್ಲ.

ಅಮೆರಿಕ, ರಷ್ಯಾ ನಡುವೆ ಇನ್ನೂ ಉಳಿದಿರುವ ಹಳೆಯ ವ್ಯವಸ್ಥೆಗಳಲ್ಲಿ ಎರಡು ಮುಖ್ಯ: 1963ರ ಹಾಟ್‌ಲೈನ್, ಮತ್ತು ದೂರಗಾಮಿ ಕ್ಷಿಪಣಿ ಪರೀಕ್ಷಿಸುವ ಮೊದಲು ಪರಸ್ಪರ ತಿಳಿಸಬೇಕು ಅನ್ನುವ 1988ರ ಒಪ್ಪಂದ. ಮುಂದಿನ ದಿನಗಳಲ್ಲಿ ಸಿಡಿತಲೆಗಳ ಸಂಖ್ಯೆಗಿಂತ ಹೆಚ್ಚಾಗಿ ಈ ಎರಡರ ಮೇಲೆ ಕಣ್ಣಿಡುವುದು ಒಳ್ಳೆಯದು.